ಮಳೆಗಾಲದ ಪಾರ್ಸಲ್ಲು ಮತ್ತು ಕ್ಷಮೆಯ ನಾಲ್ಕು ಸಾಲು

ಸಾಗರ, ಹೊಸನಗರ, ತೀರ್ಥಹಳ್ಳಿ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ತಡವಾಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಷಾಢದ ಮಳೆ ಹಿಡಿಯಿತೆಂದರೆ ಕಾರಣಗಳು ತಾವಾಗಿಯೇ ಬಂದು ರಸ್ತೆಗೆ ಅಡ್ಡ ಮಲಗುತ್ತವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ಲು, ಮಾಸ್ತಿಕಟ್ಟೆಯ ಕಡೆಯೂ ಅಷ್ಟೇ ಜೋರು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಬಿಡುತ್ತದೆ. ಮರ ಬೀಳುತ್ತದೆ, ಧರೆ ಜರಿಯುತ್ತದೆ, ಮೆಸ್ಕಾಂನ ಕರೆಂಟು ಹೋಗುತ್ತದೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಫೋನು ಮೂಕಾಗುತ್ತದೆ. 2021ರಲ್ಲಿ ಈ ಭಾಗದ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕುವುದಿಲ್ಲ ಎಂಬ ಬೋರ್ಡುಗಳೇ ಎದ್ದಿದ್ದವು.

ಇಂಥ ಸೀಮೆಗೂ ಈಗ ಊಟ ಬಾಗಿಲಿಗೆ ಬರುತ್ತದೆ. ಬೆಂಗಳೂರಿನಲ್ಲಿ 2014ರಲ್ಲಿ ಸ್ವಿಗ್ಗಿ ಶುರುವಾದಾಗ ಇದು ದೊಡ್ಡ ಊರಿನವರ ಸವಲತ್ತು ಅನ್ನಿಸಿತ್ತು. ತಾಲ್ಲೂಕು ಕೇಂದ್ರಗಳಲ್ಲಿ ಇದಕ್ಕೆ ಬೇರೆಯದೇ ರೂಪವಿದೆ. ಇಬ್ಬರು ಮೂವರು ಹುಡುಗರು, ನಾಲ್ಕೈದು ಬೈಕು, ಒಂದು ವಾಟ್ಸಾಪ್ ನಂಬರು. ಹೋಟೆಲಿನವರು ನೂರಕ್ಕೆ ಇಷ್ಟು ಅಂತ ಕಮಿಷನ್ ಕೊಡುತ್ತಾರೆ, ಮನೆಯವರು ಡೆಲಿವರಿಗೆ ಇಷ್ಟು ಅಂತ ಕೊಡುತ್ತಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವ ಕಡೆ, ಅಡುಗೆಗೆ ಕೈ ಏಳದ ದಿನ, ಈ ಹುಡುಗರು ದೊಡ್ಡ ಆಸರೆ. ಇದನ್ನು ನಾನು ಉಪಚಾರದ ಮಾತಾಗಿ ಹೇಳುತ್ತಿಲ್ಲ.

ಸಾಗರದಲ್ಲಿ ಇಂಥದ್ದೊಂದು ನಡೆಸುವ ಹುಡುಗ ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದ. ಮುಖ ಸಪ್ಪಗಿತ್ತು. "ಎಂತ ಮಾಡದು ಅಣ್ಣಾ, ಇಕ್ಕೇರಿ ರಸ್ತೇಲಿ ಮರ ಬಿದ್ದು ಬಂದ್ ಆಗಿತ್ತು. ಟೀಚರಮ್ಮನ ಮನೆ ಆರ್ಡರು ಒಂದು ತಾಸು ತಡ ಆಯ್ತು. ಕ್ಷಮೆ ಕೇಳಿ ಒಂದು ಮೆಸೇಜ್ ಹಾಕಬೇಕು, ಒಂದು ಡಿಸ್ಕೌಂಟೂ ಕೊಡಬೇಕು. ಒಂದ್ಸಲ ನೋಡಿಕೊಡಿ" ಅಂದ. ಅವನು ಬರೆದುಕೊಂಡು ಬಂದದ್ದು ಹೀಗಿತ್ತು:

"ಆತ್ಮೀಯ ಗ್ರಾಹಕರೇ, ಅನಿವಾರ್ಯ ಕಾರಣಗಳಿಂದ ನಿಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ನಮ್ಮನ್ನು ಕೈಬಿಡಬೇಡಿ! ನಿಮಗಾಗಿ ವಿಶೇಷ ಕೊಡುಗೆ: ಮುಂದಿನ ಆರ್ಡರಿಗೆ 50% ರಿಯಾಯಿತಿ! ಇಂದು ರಾತ್ರಿ 12ರವರೆಗೆ ಮಾತ್ರ! ನಮಗೆ 5 ಸ್ಟಾರ್ ಕೊಡಲು ಮರೆಯಬೇಡಿ!"

ಒಳ್ಳೆಯ ಮನಸ್ಸಿನ ಹುಡುಗ, ಒಳ್ಳೆಯ ಉದ್ದೇಶವೇ. ಆದರೆ ಓದಿದರೆ ಕೈಮುಗಿದು ಬಾಗಿಲಲ್ಲಿ ನಿಂತವನ ದನಿ ಕೇಳುತ್ತದೆ. ಆ ದನಿ ಎಲ್ಲಿಂದ ಬಂತು ಎಂದು ಇಬ್ಬರೂ ಕೂತು ನೋಡಿದೆವು. ರಿಯಾಯಿತಿಯಿಂದ ಬಂದದ್ದಲ್ಲ ಅದು. ಸಾಲುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಈ ಸಂದೇಶ ಕೊಡುವುದಕ್ಕಿಂತ ಕೇಳುವುದೇ ಹೆಚ್ಚು. ಕೈಬಿಡಬೇಡಿ ಎಂದು ಕೇಳುತ್ತದೆ, ಇವತ್ತೇ ಇನ್ನೊಂದು ಆರ್ಡರು ಮಾಡಿ ಎಂದು ಕೇಳುತ್ತದೆ, ಐದು ಸ್ಟಾರ್ ಕೊಡಿ ಎಂದು ಕೇಳುತ್ತದೆ. ಊಟಕ್ಕಾಗಿ ಕಾದು ಸುಸ್ತಾದವರ ಹತ್ತಿರ ಮೂರು ಬೇಡಿಕೆ. ಅವರಿಗೆ ಕೊಡುವುದು ಒಂದೇ, ಅದಕ್ಕೂ ರಾತ್ರಿ ಹನ್ನೆರಡರ ಗಡುವು.

ನಮ್ಮ ಕಡೆಯ ಮದುವೆಮನೆಯಲ್ಲಿ ಪಂಕ್ತಿ ತಡವಾದದ್ದನ್ನು ನೀವು ನೋಡಿರುತ್ತೀರಿ. ಎಲೆ ಹಾಕಿಯಾಗಿದೆ, ಅನ್ನ ಇನ್ನೂ ಬೆಂದಿಲ್ಲ. ತಿಳಿದ ಯಜಮಾನ ಏನು ಮಾಡುತ್ತಾನೆ? ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ, "ಇನ್ನೊಂದು ಹತ್ತು ನಿಮಿಷ, ಅನ್ನ ಬಸೀತಾ ಇದಾರೆ" ಎಂದು ಇದ್ದದ್ದನ್ನು ಹೇಳುತ್ತಾನೆ. ಹಿಂದೆಯೇ ಒಬ್ಬ ಪಾನಕದ ಪಾತ್ರೆ ಹಿಡಿದು ಬರುತ್ತಾನೆ. ಪಾನಕ ಕುಡಿದವರ ಹತ್ತಿರ ಯಾರೂ ಏನೂ ಕೇಳುವುದಿಲ್ಲ, ಯಜಮಾನನೂ ನೆಲಕ್ಕೆ ಬಗ್ಗುವುದಿಲ್ಲ. ಹೊತ್ತಾದದ್ದು ನಿಜ, ಅದಕ್ಕೆ ಈ ಪಾನಕ, ಊಟ ಇಷ್ಟು ಹೊತ್ತಿಗೆ. ಮರ್ಯಾದೆ ಇಬ್ಬರ ಕಡೆಯೂ ಉಳಿಯುತ್ತದೆ.

ಕೇಳುವುದಕ್ಕೂ ಕೊಡುವುದಕ್ಕೂ ಇರುವ ಈ ಅಂತರವನ್ನು ಅಳೆದು ನೋಡಿದವರೂ ಇದ್ದಾರೆ. 2010ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಈಬೇಯಲ್ಲಿ ಮಾರುವ ಒಂದು ಕಂಪನಿಗೆ ಕೆಟ್ಟ ಅಭಿಪ್ರಾಯ ಬರೆದ ಗಿರಾಕಿಗಳನ್ನು ಆರಿಸಿಕೊಂಡರು. ಕೆಲವರಿಗೆ ಬರೀ ಕ್ಷಮೆ ಕೇಳಿ, ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೀರಾ ಎಂದರು. ಉಳಿದವರಿಗೆ ಹಿಂತೆಗೆದುಕೊಂಡರೆ ಕೆಲವು ಯೂರೊ ಕೊಡುತ್ತೇವೆ ಎಂದರು. ಕ್ಷಮೆ ಕೇಳಿಸಿಕೊಂಡವರಲ್ಲಿ ಹಿಂತೆಗೆದುಕೊಂಡವರ ಪ್ರಮಾಣ ದುಡ್ಡಿನ ಮಾತು ಕೇಳಿಸಿಕೊಂಡವರದ್ದರ ಸುಮಾರು ಎರಡು ಪಟ್ಟು. ಹಾಗಾದರೆ ದುಡ್ಡೇ ಬೇಡ, ಮಾತೇ ಸಾಕು ಅನ್ನಿಸಬಹುದು. ಆದರೆ ಆಮೇಲೆ ಉಬರ್ ಟ್ಯಾಕ್ಸಿಯವರು ಅಮೆರಿಕದಲ್ಲಿ ಮಾಡಿದ ಪ್ರಯೋಗ ಇದಕ್ಕೆ ತಿರುಗಿ ನಿಲ್ಲುತ್ತದೆ. ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ತಡವಾಗಿ ತಲುಪಿದ ಸುಮಾರು ಹದಿನೈದು ಲಕ್ಷ ಪ್ರಯಾಣಿಕರ ಮೇಲೆ ಇದನ್ನು ಮಾಡಿ ನೋಡಿದರು. ಕ್ಷಮೆಯ ಮಾತು ಮಾತ್ರ ಕಳಿಸಿದಾಗ ಹೆಚ್ಚೇನೂ ಬದಲಾಗಲಿಲ್ಲ. ಐದು ಡಾಲರಿನ ಕೂಪನ್ ಸೇರಿಸಿದಾಗ ಜನ ಮರಳಿ ಬಂದರು. ಇನ್ನೂ ಒಂದು ವಿಷಯ ಗೊತ್ತಾಯಿತು: ಒಬ್ಬರಿಗೇ ಮತ್ತೆ ಮತ್ತೆ ತಡಮಾಡಿ ಮತ್ತೆ ಮತ್ತೆ ಕ್ಷಮೆ ಕೇಳಿದರೆ, ಕೇಳದೇ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ.

ಎರಡೂ ನಿಜವಾಗಿರಲು ಸಾಧ್ಯವೇ? ಸಾಧ್ಯ ಎಂದೇ ನನ್ನ ಎಣಿಕೆ. ಜರ್ಮನಿಯಲ್ಲಿ ದುಡ್ಡು ಒಂದು ಕೆಲಸಕ್ಕೆ ಬದಲಾಗಿ ಬಂತು. ಬರೆದದ್ದನ್ನು ಅಳಿಸಿ, ತಗೊಳ್ಳಿ. ಅದನ್ನು ಲಂಚ ಅಂದುಕೊಳ್ಳದವರು ಯಾರು? ಉಬರಿನ ಐದು ಡಾಲರು ಏನನ್ನೂ ಕೇಳದೆ ಬಂತು. ಹಾಗಾಗಿ ನಮ್ಮ ಹುಡುಗನ ಸಂದೇಶದಲ್ಲಿ ನಾನು ಮೊದಲು ಹೊಡೆದುಹಾಕಿದ್ದು ಐದು ಸ್ಟಾರಿನ ಸಾಲನ್ನು. ಸ್ಟಾರ್ ಬೇಕಾದರೆ ಊಟ ಹೊತ್ತಿಗೆ ಸರಿಯಾಗಿ ಹೋದ ದಿನ ಕೇಳಲಿ. ಕ್ಷಮೆಯ ಪಕ್ಕದಲ್ಲಿ ಅದು ಬಂದರೆ ರಿಯಾಯಿತಿಯೂ ಹಾಳು, ಕ್ಷಮೆಯೂ ಹಾಳು.

ಎರಡನೆಯದಾಗಿ ಹೋದದ್ದು ರಾತ್ರಿ ಹನ್ನೆರಡರ ಗಡುವು. ತಪ್ಪು ನಮ್ಮದು, ಆತುರ ಅವರಿಗೆ ಏಕೆ? ಇದರಲ್ಲಿ ಕಾನೂನಿನ ಮಾತೂ ಇದೆ. ಆನ್‌ಲೈನ್ ವ್ಯಾಪಾರದಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ಉಪಾಯಗಳನ್ನು ಪಟ್ಟಿ ಮಾಡಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಇಲ್ಲದ ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಆದರೆ ಕಾನೂನಿಗೆ ಹೆದರಿ ತೆಗೆಯಬೇಕಾದ ಸಾಲಲ್ಲ ಅದು, ನಾಚಿಕೆಗೆ ತೆಗೆಯಬೇಕಾದ ಸಾಲು.

ಉಳಿದದ್ದು ಅನಿವಾರ್ಯ ಕಾರಣ. ನಾನು ಅವನನ್ನು ಕೇಳಿದೆ: ಮರ ಎಷ್ಟು ಹೊತ್ತಿಗೆ ಬಿತ್ತು? ನಿಮಗೆ ಯಾವಾಗ ಗೊತ್ತಾಯಿತು? ಟೀಚರಮ್ಮನಿಗೆ ಯಾವಾಗ ಹೇಳಿದಿರಿ? ಅವನು ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದ. ಸಂಜೆ 7.10ಕ್ಕೆ ಆರ್ಡರು ಬಂತು. ನಲವತ್ತು ನಿಮಿಷ ಎಂದು ಹೇಳಿದ್ದರು, ಅಂದರೆ 7.50. ಹೋಟೆಲಿನಿಂದ ಪಾರ್ಸಲು 7.30ಕ್ಕೆ ಹೊರಟಿತು. 7.40ಕ್ಕೆ ಡೆಲಿವರಿ ಹುಡುಗ, ಮರ ಬಿದ್ದಿದೆ, ಸುತ್ತು ಹಾಕಿ ಹೋಗ್ತೇನೆ ಎಂದು ಫೋನ್ ಮಾಡಿದ. ಮನೆ ತಲುಪಿದ್ದು 8.45ಕ್ಕೆ. ಈ ನಡುವೆ ಟೀಚರಮ್ಮ ಫೋನ್ ಮಾಡಿದ್ದರು. ಅಂಗಡಿಯಲ್ಲಿ ಬೇರೆ ಆರ್ಡರುಗಳ ಗಡಿಬಿಡಿ, ಯಾರೂ ಎತ್ತಲಿಲ್ಲ.

ಇಲ್ಲಿದೆ ನೋಡಿ ಇಡೀ ವಿಷಯ. ಮರ ಬಿದ್ದದ್ದು ಯಾರ ತಪ್ಪೂ ಅಲ್ಲ. 7.40ಕ್ಕೆ ಗೊತ್ತಾದದ್ದನ್ನು 8.45ರವರೆಗೂ ಹೇಳದೆ ಇದ್ದದ್ದು ಮಾತ್ರ ಪೂರ್ತಿ ಇವರದ್ದು. ಆಮೇಲೆ ಟೀಚರಮ್ಮ ಸಿಕ್ಕಾಗ ಆಡಿದ ಮಾತೂ ಅದೇ: "ತಡ ಆದ್ದಕ್ಕೆ ಬೇಜಾರಿಲ್ಲ ಮಾರಾಯ, ಈ ಮಳೇಲಿ ಬರೋದೇ ದೊಡ್ಡದು. ಮೊಮ್ಮಕ್ಕಳಿಗೆ ಎಂತ ಹೇಳದು ಗೊತ್ತಾಗ್ಲಿಲ್ಲ. ಬರ್ತದೋ ಇಲ್ವೋ ಹೇಳಿದ್ರೆ ಒಂದು ಗಂಜಿನಾದ್ರೂ ಇಡ್ತಿದ್ದೆ." ಎಷ್ಟು ಸರಿಯಾದ ಮಾತು! ಅವರು ಕಳೆದುಕೊಂಡದ್ದು ಐವತ್ತೈದು ನಿಮಿಷವಲ್ಲ, ಗಂಜಿ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅವಕಾಶ.

ಹೇಳಿದರೆ ಕಾಯುವ ಜನ ನಾವು. ಶರಾವತಿ ಹಿನ್ನೀರಿನ ಅಂಬಾರಗೋಡ್ಲಿನ ಲಾಂಚಿಗೆ ಎಷ್ಟು ವರ್ಷ ಕಾದಿಲ್ಲ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ, 2025ರ ಜುಲೈ 14ರಂದು ಸಿಗಂದೂರಿನ ಸೇತುವೆ ತೆರೆಯುವವರೆಗೆ, ತುಮರಿ ಕಡೆಯವರ ಬದುಕೇ ಲಾಂಚಿನ ಹೊತ್ತಿಗೆ ಕಟ್ಟುಬಿದ್ದಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಇವತ್ತು ವಾಹನ ಇಲ್ಲ ಎಂದು ಮೊದಲೇ ಗೊತ್ತಾದವರು ಹೊಳೆಬಾಗಿಲಿಗೆ ಬರದೆ ಸುತ್ತುದಾರಿ ಹಿಡಿಯುತ್ತಿದ್ದರು. ಗೊತ್ತಿಲ್ಲದೆ ದಡಕ್ಕೆ ಬಂದು ನಿಂತವರಿಗೇ ಸಂಕಟ. ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ, ಆಂಬುಲೆನ್ಸೂ ರಾತ್ರಿ ದಾಟುತ್ತದೆ. ಕಾಯುವ ಆ ಅಭ್ಯಾಸವನ್ನು ಸಲಿಗೆಯಾಗಿ ಬಳಸಿಕೊಳ್ಳಬಾರದು ಎಂದಷ್ಟೇ ನನ್ನ ಮಾತು.

ಹಾಗಾಗಿ ಕ್ಷಮೆಯ ಸಂದೇಶ ನಿಜವಾಗಿ ಎರಡು. ಮೊದಲನೆಯದು 7.42ಕ್ಕೆ ಹೋಗಬೇಕಾದದ್ದು: "ಇಕ್ಕೇರಿ ರಸ್ತೆಯಲ್ಲಿ ಮರ ಬಿದ್ದಿದೆ. ಸುತ್ತು ಹಾಕಿ ಬರುತ್ತಿದ್ದೇವೆ, 8.45 ಆಗಬಹುದು. ಬೇಡವಾದರೆ ಈಗಲೇ ಹೇಳಿ, ದುಡ್ಡು ಪೂರ್ತಿ ವಾಪಸ್." ಇದರಲ್ಲಿ ರಿಯಾಯಿತಿಯ ಸುದ್ದಿ ಇರಕೂಡದು. ಹಸಿದವರಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಗಂಟೆ ಎಷ್ಟಾಗುತ್ತದೆ ಎಂಬುದೊಂದೇ. ಸಾಧ್ಯವಾದರೆ ಇದನ್ನು ಬರೆಯುವ ಬದಲು ಫೋನಿನಲ್ಲೇ ಹೇಳಬೇಕು. ಮಳೆಯ ರಾತ್ರಿ ಇಂಟರ್‌ನೆಟ್ ಇಲ್ಲದ ಮನೆಗೂ ಕರೆ ಹೋಗುವ ಸಾಧ್ಯತೆ ಹೆಚ್ಚು, ವಾಟ್ಸಾಪ್ ಒಂದೇ ಟಿಕ್ಕಿನಲ್ಲಿ ನಿಂತುಬಿಡುತ್ತದೆ. ಎರಡನೆಯದು ರಿಯಾಯಿತಿಯ ಸಂದೇಶ. ಅದು ಮಾರನೆಯ ದಿನ ಬೆಳಿಗ್ಗೆ ಹತ್ತರ ಮೇಲೆ ಹೋದರೆ ಸಾಕು. ಆ ರಾತ್ರಿಯೇ ಕಳಿಸಿದರೆ ಆರಿದ ಗೋಬಿ ಮಂಚೂರಿಯನ್ನು ಬಾಯಲ್ಲಿಟ್ಟುಕೊಂಡು ಓದಬೇಕಾಗುತ್ತದೆ. ಎರಡು ದಿನ ಬಿಟ್ಟು ಕಳಿಸಿದರೆ, ಮರೆತಿದ್ದವರಿಗೂ ನೆನಪಾಗುತ್ತದೆ.

ಈಗ ದುಡ್ಡಿನ ಲೆಕ್ಕ. ಆ ಆರ್ಡರಿನಲ್ಲಿ ಇದ್ದದ್ದು ಫ್ರೈಡ್ ರೈಸ್ ಎರಡು, 180 ರೂಪಾಯಿ. ಗೋಬಿ ಮಂಚೂರಿ 80. ಪರೋಟ ಕುರ್ಮಾ 60. ಒಟ್ಟು 320, ಮೇಲೆ ಡೆಲಿವರಿ 40. ಹೋಟೆಲಿನಿಂದ ಹುಡುಗನಿಗೆ ನೂರಕ್ಕೆ ಹದಿನೈದರಂತೆ 48 ರೂಪಾಯಿ ಕಮಿಷನ್. ಅದಕ್ಕೆ ಡೆಲಿವರಿಯ 40 ಸೇರಿದರೆ 88. ಬೈಕಿನ ಹುಡುಗನಿಗೆ ಪೆಟ್ರೋಲೂ ಸೇರಿ 55 ಕೊಡುತ್ತಾನೆ. ಕೈಯಲ್ಲಿ ಉಳಿಯುವುದು 33 ರೂಪಾಯಿ. ಅವನು ಬರೆದಂತೆ ಮುಂದಿನ 320ರ ಆರ್ಡರಿಗೆ ಅರ್ಧ ಬಿಟ್ಟರೆ 160 ಹೋಯಿತು. ಉಳಿಯಬೇಕಾದ 33 ಕಳೆದರೂ ಕೈಯಿಂದ 127 ಬಿತ್ತು. ಅದನ್ನು ತುಂಬಿಕೊಳ್ಳಲು ಇನ್ನೂ ನಾಲ್ಕು ಆರ್ಡರು ಬೇಕು. ಅಷ್ಟರಲ್ಲಿ ಟೀಚರಮ್ಮನಿಗೂ ಒಂದು ಸಂಶಯ ಹುಟ್ಟಿರುತ್ತದೆ: ಅರ್ಧ ಬಿಟ್ಟುಕೊಡಬಲ್ಲವನು ಇಷ್ಟು ದಿನ ಎಷ್ಟು ತಿನ್ನುತ್ತಿದ್ದ? ದೊಡ್ಡ ಶೇಕಡಾವಾರು ಕೊಟ್ಟಾಗ ದೈನ್ಯ ಕಾಣುವುದೇ ಇದರಿಂದ. ಕೊಡುವ ಮೊತ್ತಕ್ಕೂ ಆದ ನಷ್ಟಕ್ಕೂ ಸಂಬಂಧವೇ ಇಲ್ಲದಾಗ, ಕಂಪನಿಗೆ ಏನೋ ಭಯವಾಗಿದೆ ಎಂದು ಓದುವವರಿಗೆ ಅನ್ನಿಸುತ್ತದೆ.

ನಷ್ಟಕ್ಕೆ ತಕ್ಕದ್ದು ಯಾವುದು? ನನಗೆ ತೋಚಿದ್ದು ಎರಡು ಭಾಗ. ಹೊತ್ತಿಗೆ ತಲುಪಿಸುತ್ತೇವೆ ಎಂದು 40 ರೂಪಾಯಿ ತೆಗೆದುಕೊಂಡಿದ್ದರು, ಹೊತ್ತಿಗೆ ತಲುಪಿಸಲಿಲ್ಲ. ಆ ದುಡ್ಡು ಅವರದ್ದೇ, ವಾಪಸ್ ಹೋಗಬೇಕು. ಕೂಪನ್ ರೂಪದಲ್ಲಿ ಅಲ್ಲ, ಬಂದ ಯುಪಿಐ ಖಾತೆಗೇ. ಇನ್ನೊಂದು ಭಾಗ, ಅವರ ಕಾಯುವಿಕೆಗೆ ಮುಂದಿನ ಆರ್ಡರಿನಲ್ಲಿ 50 ರೂಪಾಯಿ ಕಡಿಮೆ ಹಿಡಿಯುವುದು. ಶೇಕಡಾವಾರು ಬೇಡ, ರೂಪಾಯಿಯಲ್ಲೇ ಹೇಳಬೇಕು. 20 ಪರ್ಸೆಂಟು, ಗರಿಷ್ಠ 75, 299ರ ಮೇಲಿನ ಆರ್ಡರಿಗೆ ಮಾತ್ರ ಎಂದು ಬರೆದರೆ ಕ್ಷಮೆ ಕೇಳುವ ಮಾತು ವ್ಯಾಪಾರದ ಚೀಟಿಯಾಗಿಬಿಡುತ್ತದೆ. ಎರಡೂ ಸೇರಿ 90 ರೂಪಾಯಿ, ಅಂದರೆ ಹೆಚ್ಚುಕಡಿಮೆ ಮೂರು ಆರ್ಡರಿನ ಉಳಿತಾಯ. ಇದು ಅವನಿಗೆ ಚುರುಕ್ ಎನ್ನುವಷ್ಟು ದೊಡ್ಡದು, ಅಂಗಡಿ ಮುಚ್ಚುವಷ್ಟು ದೊಡ್ಡದಲ್ಲ.

"ಅದೇ ರಾತ್ರಿ ಹನ್ನೆರಡು ಆರ್ಡರು ತಡ ಆಗಿತ್ತು ಅಣ್ಣಾ" ಅಂದ ಅವನು. ಎಲ್ಲರಿಗೂ ಕೊಟ್ಟರೆ 1,080 ರೂಪಾಯಿ. ನ್ಯಾಯವಾದ ಚಿಂತೆ. ಆದರೆ ಎಲ್ಲರ ನಷ್ಟವೂ ಒಂದೇ ಅಲ್ಲ. ಕಾಲು ಗಂಟೆ ತಡವಾದವರಿಗೆ ಬಾಗಿಲಲ್ಲಿ ಒಂದು ಮಾತು ಸಾಕು, ಅಲ್ಲಿ ರಿಯಾಯಿತಿ ಕೊಡುವುದೇ ಅತಿಯಾಗುತ್ತದೆ. ಅರ್ಧ ಗಂಟೆ ಮೀರಿದರೆ ಡೆಲಿವರಿ ದುಡ್ಡು ವಾಪಸ್. ಮುಕ್ಕಾಲು ಗಂಟೆ ಮೀರಿ, ಮೊದಲೇ ತಿಳಿಸದೆಯೂ ಇದ್ದರೆ, ಅದರ ಮೇಲೆ ಐವತ್ತು. ಊಟ ತಿನ್ನಲಾಗದಂತೆ ಬಂದರೆ ಅಥವಾ ಬಾರದೇ ಹೋದರೆ ಪೂರ್ತಿ ಹಣ, ಅದರಲ್ಲಿ ಚೌಕಾಶಿಯಿಲ್ಲ. ಹೀಗೆ ಲೆಕ್ಕ ಹಾಕಿದಾಗ ಹನ್ನೆರಡರಲ್ಲಿ ಪೂರ್ತಿ 90 ಸಲ್ಲಬೇಕಾದವರು ಕೆಲವರೇ ಎಂದು ಅವನಿಗೇ ಕಂಡಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ 90 ರೂಪಾಯಿ ಬೈಕಿನ ಹುಡುಗನ ಕೂಲಿಯಿಂದ ಬರಕೂಡದು. ಸಂದೇಶದಲ್ಲಿ ಅವನನ್ನು ದೂರಲೂ ಕೂಡದು. ಆ ಮಳೆಯಲ್ಲಿ ಸುತ್ತುದಾರಿ ಹಿಡಿದು ಊಟ ತಲುಪಿಸಿದವನು ಅವನೊಬ್ಬನೇ. ಹೊತ್ತು ಮೀರಿದರೆ ದಂಡ ಎಂಬ ವ್ಯವಸ್ಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅಮೆರಿಕ ಕಂಡಿದೆ. ಮೂವತ್ತು ನಿಮಿಷದಲ್ಲಿ ಪಿಜ್ಜಾ ಎಂಬ ಭರವಸೆಯನ್ನು ಡಾಮಿನೋಸ್ ಅಲ್ಲಿ 1993ರಲ್ಲಿ ಕೈಬಿಟ್ಟಿತು. ಡೆಲಿವರಿ ವಾಹನದ ಅಪಘಾತವೊಂದರಲ್ಲಿ ನ್ಯಾಯಾಲಯದ ಜ್ಯೂರಿ ಕೋಟಿಗಟ್ಟಲೆ ಡಾಲರ್ ಪರಿಹಾರ ಹೇಳಿದ ಮೇಲೆ. ನಮ್ಮ ರಾಜ್ಯದಲ್ಲೂ ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆಂದು 2025ರಲ್ಲಿ ಕಾಯ್ದೆ ಬಂದಿದೆ. ತೀರ್ಥಹಳ್ಳಿಯ ತುಂಗಾ ಸೇತುವೆ ದಾಟಿ ಕುರುವಳ್ಳಿಗೆ, ರಿಪ್ಪನ್‌ಪೇಟೆಯಿಂದ ಒಳಗಿನ ಹಳ್ಳಿಗಳಿಗೆ, ಕತ್ತಲಲ್ಲಿ ನೀರು ಹರಿಯುವ ರಸ್ತೆಯಲ್ಲಿ ಹೋಗುವ ಹುಡುಗರ ತಲೆಯ ಮೇಲೆ ಗಡಿಯಾರ ಕಟ್ಟಬಾರದು. ತಡವಾದರೆ ಆಗಲಿ, ಕಾಯೋಣ.

ಇನ್ನು ಕಳಿಸುವ ದಾರಿ. ಇದರಲ್ಲಿ ಒಂದು ತೊಡಕಿದೆ, ಕನ್ನಡದಲ್ಲಿ ಕಳಿಸುವವರಿಗೆ ಇನ್ನೂ ಒಂದು. ಇಂಗ್ಲಿಷಿನ ಎಸ್ಸೆಮ್ಮೆಸ್ಸಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಆ ಎಪ್ಪತ್ತರ ಲೆಕ್ಕವೂ ನಾವು ಓದುವ ಅಕ್ಷರದ್ದಲ್ಲ. ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಎಣಿಕೆಯಾಗುತ್ತವೆ. ಕ್ಷಮಿಸಿ ಎಂದು ಬರೆದರೆ ಕಣ್ಣಿಗೆ ಮೂರು, ಯಂತ್ರಕ್ಕೆ ಏಳು. ಹಾಗಾಗಿ ನೆಟ್ಟಗಿನ ನಾಲ್ಕು ವಾಕ್ಯ ಬರೆದರೂ ಐದಾರು ಸಂದೇಶದ ದುಡ್ಡು ಬೀಳುತ್ತದೆ. ಈ ಖರ್ಚು ಉಳಿಸಲೆಂದೋ ಏನೋ, ಕಂಪನಿಗಳು ಕನ್ನಡದ ಮನೆಗೂ ಇಂಗ್ಲಿಷಿನ ಕ್ಷಮೆ ಕಳಿಸುವುದುಂಟು. ಅದು ಸರಿಯಲ್ಲ. ಕಾದವರಿಗೆ ಓದಲು ಬಾರದ ಭಾಷೆಯಲ್ಲಿ ಕೇಳಿದ ಕ್ಷಮೆ ಯಾರಿಗೂ ಕೇಳಿದಂತಲ್ಲ.

ಇನ್ನೊಂದು ತೊಡಕು ರಿಯಾಯಿತಿಯಿಂದ. ಕಂಪನಿಗಳು ಸಾಮೂಹಿಕವಾಗಿ ಎಸ್ಸೆಮ್ಮೆಸ್ ಕಳಿಸಬೇಕಾದರೆ ಟ್ರಾಯ್ ನಿಯಮದ ಪ್ರಕಾರ ಮೊದಲೇ ಮಾದರಿಯನ್ನು ನೋಂದಾಯಿಸಬೇಕು. 2025ರಿಂದ ಕಳಿಸುವವರ ಹೆಸರಿನ ಕೊನೆಗೆ ಒಂದು ಅಕ್ಷರವೂ ಬರುತ್ತದೆ: ಸೇವೆಯ ಸಂದೇಶಕ್ಕೆ `S`, ಪ್ರಚಾರದ್ದಕ್ಕೆ `P`. ಆರ್ಡರು ತಡವಾಯಿತು, ದುಡ್ಡು ವಾಪಸ್ ಹಾಕಿದ್ದೇವೆ ಎಂಬುದು ಸೇವೆಯ ಮಾತು. ಅದರೊಳಗೆ ಮುಂದಿನ ಆರ್ಡರಿನ ಕೊಡುಗೆ ಸೇರಿಸಿದ ಕೂಡಲೇ ಅದು ಪ್ರಚಾರದ ಕಡೆಗೆ ವಾಲುತ್ತದೆ. ಪ್ರಚಾರದ ಸಂದೇಶ ಬೇಡ ಎಂದು ಬರೆಸಿದವರಿಗೆ ತಲುಪುವುದೇ ಇಲ್ಲ. ವಾಟ್ಸಾಪಿನಲ್ಲಿ ಸಾಮೂಹಿಕವಾಗಿ ಕಳಿಸುವ ದೊಡ್ಡ ಕಂಪನಿಗಳಿಗೂ ಇದೇ ಗತಿ. ಕೊಡುಗೆ ಸೇರಿದ ಮಾದರಿಯನ್ನು ವಾಟ್ಸಾಪಿನವರು ಮಾರ್ಕೆಟಿಂಗ್ ಎಂದೇ ಹಿಡಿಯುತ್ತಾರೆ. ಆದರೆ ಗಿರಾಕಿಯೇ ಮೊದಲು ಬರೆದಿದ್ದರೆ, ಅಲ್ಲಿಂದ 24 ಗಂಟೆಯೊಳಗೆ ಮಾದರಿಯ ಹಂಗಿಲ್ಲದೆ ಉತ್ತರ ಬರೆಯಬಹುದು. ನಮ್ಮ ಹುಡುಗನಂಥವನಿಗೆ ಈ ಯಾವ ಕಟ್ಟೂ ಇಲ್ಲ. ಅವನ ಕೈಯಲ್ಲಿರುವುದು ಸಾದಾ ಫೋನಿನ ವಾಟ್ಸಾಪು, ಎದುರಿಗಿರುವುದು ಹೆಸರು ಗೊತ್ತಿರುವ ಮನೆ. ದೊಡ್ಡ ಕಂಪನಿ ದುಡ್ಡು ಸುರಿದರೂ ಕೊಳ್ಳಲಾಗದ ಅನುಕೂಲ ಅದು. ಅದನ್ನು ಬಿಟ್ಟು ಆತ್ಮೀಯ ಗ್ರಾಹಕರೇ ಎಂದು ಏಕೆ ಬರೆಯಬೇಕು?

ಕೊನೆಗೆ ಹೋದ ಸಂದೇಶ ಇದು:

"ಟೀಚರಮ್ಮ, ನಮಸ್ಕಾರ. ನಿನ್ನೆ 7.50ಕ್ಕೆ ಬರಬೇಕಿದ್ದ ನಿಮ್ಮ ಊಟ 8.45ಕ್ಕೆ ಬಂತು. ಇಕ್ಕೇರಿ ರಸ್ತೆಯಲ್ಲಿ ಮರ ಬಿದ್ದಿತ್ತು. ಅದು 7.40ಕ್ಕೇ ನಮಗೆ ಗೊತ್ತಾದರೂ ನಿಮಗೆ ತಿಳಿಸಲಿಲ್ಲ, ನೀವು ಫೋನ್ ಮಾಡಿದಾಗ ಎತ್ತಲೂ ಇಲ್ಲ. ಇದು ನಮ್ಮ ತಪ್ಪು, ಕ್ಷಮಿಸಿ. ಡೆಲಿವರಿಯ 40 ರೂ. ನಿಮ್ಮ ಖಾತೆಗೆ ವಾಪಸ್ ಹಾಕಿದ್ದೇವೆ. ಮುಂದಿನ ಆರ್ಡರಿನಲ್ಲಿ 50 ರೂ. ಕಡಿಮೆ ಹಿಡಿಯುತ್ತೇವೆ. ನೀವು ನೆನಪಿಡಬೇಕಾಗಿಲ್ಲ, ನಾವೇ ಬರೆದಿಟ್ಟುಕೊಂಡಿದ್ದೇವೆ. ದೀಪಾವಳಿವರೆಗೂ ಇರುತ್ತದೆ. ಏನಾದರೂ ಹೇಳುವುದಿದ್ದರೆ ಇದೇ ನಂಬರಿಗೆ ಮಾಡಿ, ನಾನೇ ಎತ್ತುತ್ತೇನೆ."

ಕೆಳಗೆ ಅವನ ಹೆಸರು. ಕಂಪನಿಯ ಹೆಸರಲ್ಲ, ಅವನದ್ದೇ. ಕೂಪನ್ ಕೋಡ್ ಇಲ್ಲ, ಏಕೆಂದರೆ ನೆನಪಿಡುವ ಕೆಲಸ ತಪ್ಪು ಮಾಡಿದವರದ್ದು. ಇನ್ನು ಮುಂದೆ ಹೀಗಾಗುವುದಿಲ್ಲ ಎಂಬ ಸಾಲೂ ಇಲ್ಲ. ಅವನು ಸೇರಿಸಬೇಕೆಂದಿದ್ದ, ನಾನು ಬೇಡವೆಂದೆ. ಆಗಸ್ಟಿನಲ್ಲಿ ಮತ್ತೆ ಮರ ಬೀಳುತ್ತದೆ, ಮತ್ತೆ ತಡವಾಗುತ್ತದೆ. ಅವನ ಕೈಯಲ್ಲಿ ಇರುವುದು ಫೋನ್ ಎತ್ತುವುದೊಂದೇ. ಅಷ್ಟನ್ನು ಮಾತ್ರ ಮಾತು ಕೊಟ್ಟಿದ್ದಾನೆ.

ಇದು ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ ಎಂದು ಅವನು ಕೇಳಿದ. ಐವತ್ತು ರೂಪಾಯಿ ಬಳಸಿದವರನ್ನು ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಬಿಟ್ಟಿ ಬಂದದ್ದನ್ನು ಬಳಸಿ ಆಮೇಲೆ ಬಾರದವರೂ ಇರುತ್ತಾರೆ. ಅದರ ಮುಂದಿನ ಆರ್ಡರನ್ನು ನೋಡಬೇಕು, ಪೂರ್ತಿ ದುಡ್ಡು ಕೊಟ್ಟು ತರಿಸಿದ್ದನ್ನು. ಅದು ಬಂದರೆ ನಂಬಿಕೆ ಉಳಿದಿದೆ. ಮತ್ತೆ, ಒಂದೇ ಮನೆಯ ಹೆಸರು ಕ್ಷಮೆಯ ಪಟ್ಟಿಯಲ್ಲಿ ಎರಡನೆಯ ಸಲ ಕಂಡರೆ ಅಲ್ಲಿಗೆ ಸಂದೇಶ ಬೇಡ, ಹೋಗಿ ಮಾತಾಡಿಸಿ ಬರಬೇಕು. ಮೂರನೆಯ ಸಲ ಕಂಡರೆ ಆ ಮನೆಯವರೆಗೆ ತಲುಪಿಸುವ ಶಕ್ತಿ ನಮಗಿಲ್ಲ ಎಂದು ಒಪ್ಪಿಕೊಂಡು, ಮಳೆಗಾಲ ಮುಗಿಯುವವರೆಗೆ ಆ ಕಡೆಯ ಆರ್ಡರು ನಿಲ್ಲಿಸಬೇಕು.

ಇಂಥ ಕೆಲಸ ನಡೆಸುವ ಹುಡುಗರು ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ಯಾರೇ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಪುಸ್ತಕ ತೆಗೆದು, ಹೋದ ಹದಿನೈದು ದಿನದ ಮಳೆಯ ಸಂಜೆಗಳಲ್ಲಿ ಪ್ರತಿ ಆರ್ಡರು ಎಷ್ಟು ನಿಮಿಷಕ್ಕೆ ತಲುಪಿತು ಎಂದು ಬರೆದುಕೊಳ್ಳಿ. ಸರಾಸರಿ ನೋಡಬೇಡಿ, ಸರಾಸರಿ ಹೇಳಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಿಗೆ ತಡವಾಗಿಯೇ ಆಗುತ್ತದೆ. ಹತ್ತರಲ್ಲಿ ಒಂಬತ್ತು ಎಷ್ಟು ನಿಮಿಷದೊಳಗೆ ತಲುಪಿದವು ಎಂದು ನೋಡಿ. ಅದು ಎಪ್ಪತ್ತು ನಿಮಿಷವಾಗಿದ್ದರೆ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಲವತ್ತು ಎಂದು ಹೇಳುವುದನ್ನು ಬಿಟ್ಟು ಎಪ್ಪತ್ತು ಎಂದೇ ಹೇಳಿ. ಕೆಲವರು ಬೇಡ ಎನ್ನುತ್ತಾರೆ, ಅನ್ನಲಿ, ಅವರು ಮನೆಯಲ್ಲೇ ಗಂಜಿ ಇಟ್ಟುಕೊಳ್ಳುತ್ತಾರೆ. ಆಗಲಿ ಎಂದವರು ಬೇಜಾರಿಲ್ಲದೆ ಕಾಯುತ್ತಾರೆ.